ದುಭಾಷಿ ಹೇಳಿದ್ದನ್ನು ಬರೆದೆ, ಅವರು ಹೇಳಿದ್ದನ್ನಲ್ಲ

ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ನಾನು ವಾರಕ್ಕೆ ಮೂರು ದಿನ ಲೆಕ್ಕ ಬರೆಯುತ್ತೇನೆ. ಕಳೆದ ಫೆಬ್ರವರಿಯಲ್ಲಿ ಆ ಲೆಕ್ಕದ ಜೊತೆಗೆ ಒಂದು ಮಾತುಕತೆಯ ಸಾರಾಂಶ ಬರೆದುಕೊಡುವ ಕೆಲಸವೂ ನನ್ನ ತಲೆಗೆ ಬಂತು. ಒಂದು ಹಾಳೆ ಬರೆಯುವುದು ತಾನೇ, ಅರ್ಧ ಗಂಟೆ ಸಾಕು ಅಂದುಕೊಂಡಿದ್ದೆ. ಮುಗಿಯುವಾಗ ಒಂಬತ್ತು ದಿನ ಹೋಗಿತ್ತು. ನಡುವೆ ಮೂರು ದಿನ ಕೊಯ್ಲು ನಿಂತಿತ್ತು. ಅದಕ್ಕೆ ನನ್ನ ಆ ಹಾಳೆಯೂ ಒಂದು ಕಾರಣ. ತೋಟಗಳಲ್ಲಿ ಈಗ ಇಂಥ ಮಾತುಕತೆ ದಿನಾ ನಡೆಯುತ್ತದೆ, ಬರೆದಿಡುವ ಕೆಲಸ ನಾಳೆ ನಿಮಗೂ ಬರಬಹುದು ಅಂತ ಇದನ್ನು ಹೇಳುತ್ತಿದ್ದೇನೆ.

ರೋಬಸ್ಟಾ ಕೊಯ್ಲು ಅರ್ಧ ಮುಗಿದಿತ್ತು. ಲೈನ್ ಮನೆಯಲ್ಲಿ ಅಸ್ಸಾಮಿನಿಂದ ಬಂದ ಹನ್ನೊಂದು ಜನ ಇದ್ದರು. ಮನೆಮಾತು ಬಂಗಾಳಿ. ಕೆಜಿಗೆ 5 ರೂಪಾಯಿ ಲೆಕ್ಕದಲ್ಲಿ ಹಣ್ಣು ಕೊಯ್ಯುತ್ತಿದ್ದರು. ಒಂದು ಗುರುವಾರ ಸಂಜೆ, ತೂಕ ಮುಗಿದ ಮೇಲೆ, ಅವರ ಪೈಕಿ ಹಿರಿಯ ಒಬ್ಬರು ಸಾಹುಕಾರ್ರ ಹತ್ತಿರ ಮಾತಾಡಬೇಕು ಎಂದರು. ಮೇಸ್ತ್ರಿ ದುಭಾಷಿಯಾದರು. ಸಾಹುಕಾರ್ರು ನನ್ನನ್ನು ಕರೆದು, "ಏನಮ್ಮಾ, ಏನೇನು ಮಾತಾಯ್ತು ಅಂತ ಬರೆದಿಟ್ಟುಬಿಡು, ಆಮೇಲೆ ತಕರಾರು ಬೇಡ" ಎಂದರು.

ಆ ಜಗಲಿಯಲ್ಲಿ ಯಾರ ಬಾಯಲ್ಲಿ ಯಾವ ಭಾಷೆ ಇತ್ತು ನೋಡಿ. ಹಿರಿಯರದ್ದು ಬಂಗಾಳಿ, ಆದರೆ ಮಾತಾಡಿದ್ದು ಹಿಂದಿ. ಮೇಸ್ತ್ರಿಯ ಮನೆಮಾತು ಮಲಯಾಳ, ಹಿಂದಿ ಕಲಿತದ್ದು ಗಲ್ಫಿನಲ್ಲಿ ನಾಲ್ಕು ವರ್ಷ ಇದ್ದಾಗ. ಸಾಹುಕಾರ್ರದ್ದು ಕೊಡವ ತಕ್ಕ್, ಮಾತಾಡಿದ್ದು ಕನ್ನಡ. ಬರೆಯುತ್ತಿದ್ದ ನನ್ನದು ಅರೆಭಾಷೆ. ಒಬ್ಬರಾದರೂ ಮನೆಮಾತಿನಲ್ಲಿ ಮಾತಾಡುತ್ತಿರಲಿಲ್ಲ. ಅವತ್ತು ನನಗೆ ಇದು ಹೊಳೆಯಲೇ ಇಲ್ಲ.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ. ಎಲ್ಲರನ್ನೂ ಕೇಳಿ, ಒಪ್ಪಿದ ಮೇಲೆ, ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿಟ್ಟಿದ್ದೆ. 47 ನಿಮಿಷ. ಬರೆಯುವಾಗ ಕೈ ಸೋತರೆ ಇರಲಿ ಅಂತ ಹಾಕಿದ್ದು, ಅಷ್ಟೇ. ಕೊನೆಗೆ ನಮ್ಮನ್ನು ಉಳಿಸಿದ್ದು ಅದೇ.

ಶುಕ್ರವಾರ ಹಾಳೆ ಸಿದ್ಧವಾಯಿತು. ಮುಖ್ಯವಾಗಿ ನಾಲ್ಕು ಸಾಲು. ಒಂದು, ಕಾರ್ಮಿಕರು ಎಲ್ಲರ ಲೆಕ್ಕ ಚುಕ್ತಾ ಮಾಡಿಕೊಡಲು ಕೇಳಿದರು. ಎರಡು, ಚೀಲಕ್ಕೆ 2 ಕೆಜಿ ಕಳೆಯುತ್ತಿರುವುದನ್ನು ಹೇಳಿದರು, ಅದು ಮೊದಲೇ ಒಪ್ಪಿದ್ದು ಎಂದು ಸಾಹುಕಾರ್ರು ತಿಳಿಸಿದರು. ಮೂರು, ಒಬ್ಬ ಕಾರ್ಮಿಕ ಮೂರು ದಿನ ಹುಷಾರಿಲ್ಲದೆ ಬರಲಿಲ್ಲ ಎಂದರು, ಸಾಹುಕಾರ್ರು ನಂಬಲಿಲ್ಲ. ನಾಲ್ಕು, ಕೊನೇ ಕೊಯ್ಲಿಗೆ ಕೆಜಿಗೆ 6 ರೂಪಾಯಿ ಕೇಳಿದರು, ಸಾಹುಕಾರ್ರು ನೋಡೋಣ ಎಂದರು.

ಓದಿದರೆ ನೀಟಾಗಿದೆ, ಅಲ್ವಾ? ನನಗೂ ಹಾಗೇ ಅನಿಸಿತ್ತು. ನಾಲ್ಕಕ್ಕೆ ನಾಲ್ಕೂ ತಪ್ಪಾಗಿತ್ತು.

ಶನಿವಾರ ಬಟವಾಡೆ. 6 ರೂಪಾಯಿಯಂತೆ ದುಡ್ಡು ಬರಲಿಲ್ಲ ಅಂತ ಲೈನ್ ಮನೆಯಲ್ಲಿ ಗಲಾಟೆ. ಸೋಮವಾರ ಒಬ್ಬರೂ ತೋಟಕ್ಕೆ ಇಳಿಯಲಿಲ್ಲ. ಸಾಹುಕಾರ್ರು ನನ್ನ ಹಾಳೆ ಹಿಡಿದುಕೊಂಡು ಬಂದರು. "ನೋಡು, ನೀನೇ ಬರೆದಿದ್ದೀಯ. ಲೆಕ್ಕ ಚುಕ್ತಾ ಮಾಡಿ ಅಂತ ಅವರೇ ಕೇಳಿದ್ದು. ಹೋಗೋದು ಮೊದಲೇ ತೀರ್ಮಾನ ಆಗಿತ್ತು. ಗಿಡದಲ್ಲಿ ಅರ್ಧ ಹಣ್ಣಿದೆ, ಈಗ ಕೈ ಕೊಟ್ಟರು." ಹಣ್ಣು ಒಣಗಿ ಉದುರುವ ಸಮಯ ಅದು. ಹೂಮಳೆ ಬಂದುಬಿಟ್ಟರೆ ಇನ್ನೂ ಫಜೀತಿ. ಅವರ ಸಂಕಟ ಸುಳ್ಳಲ್ಲ. ಆದರೆ ಲೈನ್ ಮನೆಯ ಕಡೆ ನೋಡಿದರೆ ಯಾರೂ ಗಂಟು ಕಟ್ಟಿರಲಿಲ್ಲ. ಒಬ್ಬ ಹೆಂಗಸು ಅಂಗಳದಲ್ಲಿ ಸೊಪ್ಪಿನ ಮಡಿಗೆ ನೀರು ಹಾಕುತ್ತಿದ್ದಳು. ಊರಿಗೆ ಹೊರಟವರು ಸೊಪ್ಪಿಗೆ ಯಾಕೆ ನೀರು ಹಾಕುತ್ತಾರೆ?

ಅಲ್ಲಿಂದ ನನಗೆ ಅನುಮಾನ ಹತ್ತಿತು. ಮೇಸ್ತ್ರಿಯನ್ನೇ ಮತ್ತೆ ಕೇಳಿದರೆ ಅದೇ ಉತ್ತರ ಬರುತ್ತದೆ. ಬೇರೆ ಕಿವಿ ಬೇಕಿತ್ತು. ಗೋಣಿಕೊಪ್ಪಲಿನಲ್ಲಿ ಬಂಗಾಳದ ಒಬ್ಬ ಟೈಲರ್ ಇದ್ದಾರೆ, ಹದಿನೈದು ವರ್ಷದಿಂದ ಇಲ್ಲೇ, ಕನ್ನಡ ಚೆನ್ನಾಗಿ ಬರುತ್ತದೆ ಅಂತ ತಂಗಿ ಹೇಳಿದಳು. ಫೋನ್ ಮಾಡಿದೆ. ಮದುವೆ ಸೀಸನ್, ಬುಧವಾರದವರೆಗೆ ಆಗಲ್ಲ ಎಂದರು. ದಿನಕ್ಕೆ 800 ರೂಪಾಯಿ, ಬಸ್ ಚಾರ್ಜ್ ಬೇರೆ. ಅಂಗಡಿ ಮುಚ್ಚಿ ಬರಬೇಕಲ್ಲ, ಜಾಸ್ತಿ ಅನಿಸಲಿಲ್ಲ.

ಈ ದುಡ್ಡು ಯಾರು ಕೊಡಬೇಕು ಅನ್ನುವುದಕ್ಕೇ ಅರ್ಧ ದಿನ ಹೋಯಿತು. ಸಾಹುಕಾರ್ರು ಪೂರ್ತಿ ಕೊಡುತ್ತೇನೆ ಎಂದರು. ಹಿರಿಯರು ಬೇಡ ಎಂದು ತಲೆಯಾಡಿಸಿದರು. ಒಬ್ಬರೇ ದುಡ್ಡು ಕೊಟ್ಟರೆ ದುಭಾಷಿ ಅವರ ಕಡೆಯವನಾಗುತ್ತಾನೆ ಎಂಬ ಹೆದರಿಕೆ. ಕೊನೆಗೆ ಹನ್ನೊಂದು ಜನ ತಲಾ 50 ರೂಪಾಯಿ ಹಾಕಿದರು, 550 ಆಯಿತು. ಎರಡು ದಿನದ 1,600ರಲ್ಲಿ ಉಳಿದ 1,050 ಮತ್ತು ಬಸ್ ಚಾರ್ಜ್ ಸಾಹುಕಾರ್ರದ್ದು. ನೀವೂ ಸಾಧ್ಯವಾದರೆ ಹೀಗೇ ಮಾಡಿ. ಮೊತ್ತ ಚಿಕ್ಕದಿರಲಿ, ಎರಡೂ ಕಡೆಯ ಕೈಯಿಂದ ಬರಲಿ.

ಬುಧವಾರ ಟೈಲರ್ ಬಂದರು. ನನ್ನ ಹಾಳೆಯನ್ನು ಅವರಿಗೆ ತೋರಿಸಲಿಲ್ಲ. ಇದು ಬೇಕೆಂದೇ ಮಾಡಿದ್ದು. ಮೊದಲೇ ಓದಿದರೆ ಕಿವಿ ಅದನ್ನೇ ಹುಡುಕುತ್ತದೆ. ರೆಕಾರ್ಡಿಂಗ್ ಹಾಕಿ, ಹಿರಿಯರ ಮಾತು ಬಂದಾಗ ನಿಲ್ಲಿಸಿ, "ಇವರು ಏನು ಹೇಳಿದರು, ಕನ್ನಡದಲ್ಲಿ ಹೇಳಿ" ಎನ್ನುತ್ತಿದ್ದೆ. ಬರೆದುಕೊಂಡು, ಆಮೇಲೆ ಮುಂದಿನ ತುಂಡು, ಅಂದರೆ ಮೇಸ್ತ್ರಿ ಅದನ್ನೇ ಕನ್ನಡದಲ್ಲಿ ಹೇಳಿದ್ದು, ಕೇಳಿಸಿಕೊಳ್ಳುತ್ತಿದ್ದೆ. ಸಾಹುಕಾರ್ರ ಮಾತಿಗೆ ಇದರ ಉಲ್ಟಾ. ಮೇಸ್ತ್ರಿ ಹಿಂದಿಯಲ್ಲಿ ಏನು ದಾಟಿಸಿದರು ಅಂತ ಟೈಲರ್ ಹೇಳಬೇಕು. ನೋಟ್ ಪುಸ್ತಕದಲ್ಲಿ ನಾಲ್ಕು ಕಾಲಂ ಹಾಕಿದ್ದೆ: ಯಾರು ಹೇಳಿದ್ದು, ಮೂಲ ಮಾತು, ಮೇಸ್ತ್ರಿ ದಾಟಿಸಿದ್ದು, ಎದುರಿನವರ ಉತ್ತರ. 47 ನಿಮಿಷಕ್ಕೆ ಐದು ಗಂಟೆ ಹಿಡಿಯಿತು. ಮಧ್ಯೆ ಕರೆಂಟ್ ಹೋಯಿತು, ಮೊಬೈಲ್ ಚಾರ್ಜ್ ಮುಗಿಯಿತು, ಜೀಪಿನಲ್ಲಿ ಕೂತು ಚಾರ್ಜಿಗೆ ಹಾಕಿ ಮುಂದುವರಿಸಿದೆವು.

ಮೊದಲ ಪೆಟ್ಟು ಮೂರನೇ ನಿಮಿಷದಲ್ಲೇ. ಹಿರಿಯರು ಹೇಳಿದ್ದು, "ಹಮ್ ಕೋ ಹಿಸಾಬ್ ಚಾಹಿಯೇ, ಸಬ್ ಕಾ." ಹಿಸಾಬ್ ಅಂದರೆ ಲೆಕ್ಕ, ಅಷ್ಟು ನನಗೂ ಗೊತ್ತು. ಆದರೆ ಕೂಲಿ ಮಾಡುವವರ ಬಾಯಲ್ಲಿ ಅದಕ್ಕೆ ಎರಡು ಅರ್ಥ ಇದೆಯಂತೆ. ಲೆಕ್ಕ ತೋರಿಸಿ ಎನ್ನುವುದಕ್ಕೂ ಹಿಸಾಬ್, ಬಾಕಿ ಕೊಟ್ಟು ಕಳಿಸಿಕೊಡಿ ಎನ್ನುವುದಕ್ಕೂ ಹಿಸಾಬ್. ಗಲ್ಫಿನಲ್ಲಿ ಕೆಲಸ ಬಿಡುವಾಗ ಹಿಸಾಬ್ ಮಾಡಿಸಿಕೊಂಡು ಬಂದ ಮೇಸ್ತ್ರಿಗೆ ಹೊಳೆದದ್ದು ಎರಡನೆಯದು. "ಎಲ್ಲರದ್ದೂ ಲೆಕ್ಕ ಮುಗಿಸಿ ಕೊಡಿ ಅಂತಾರೆ" ಎಂದುಬಿಟ್ಟರು. ನಾನು ಅದಕ್ಕೆ ಇನ್ನಷ್ಟು ಇಸ್ತ್ರಿ ಹಾಕಿ "ಚುಕ್ತಾ" ಅಂತ ಬರೆದೆ.

ಯಾವ ಅರ್ಥ ಸರಿ ಅಂತ ಹೇಗೆ ಗೊತ್ತಾಯಿತು? ಆ ಒಂದು ಸಾಲಿನಿಂದ ಗೊತ್ತಾಗುವುದಿಲ್ಲ, ಟೈಲರ್ ಕೂಡ ಹಾಗೇ ಹೇಳಿದರು. ಎರಡು ನಿಮಿಷ ಬಿಟ್ಟು ಹಿರಿಯರು ಒಂದು ಮಾತು ಸೇರಿಸಿದ್ದರು: "ಕಾಪಿ ಮೇ ಲಿಖಾ ಹೈ ನಾ, ವಹೀ ದಿಖಾ ದೋ." ಅಲ್ಲಿ ಕಾಪಿ ಅಂದರೆ ನೋಟ್ ಪುಸ್ತಕ. ಪುಸ್ತಕದಲ್ಲಿ ಬರೆದಿದೆಯಲ್ಲ, ಅದನ್ನೇ ತೋರಿಸಿ. ಅವರು ಕೇಳಿದ್ದು ತೂಕದ ಪುಸ್ತಕವನ್ನು. ಆ ಸಾಲನ್ನು ಮೇಸ್ತ್ರಿ ದಾಟಿಸಲೇ ಇಲ್ಲ. ಯಾಕೆಂದರೆ ಅಷ್ಟರಲ್ಲಿ ಸಾಹುಕಾರ್ರು ಸಿಟ್ಟಿನಲ್ಲಿ ಮಾತಾಡತೊಡಗಿದ್ದರು. ಕಾಫಿ ತೋಟದಲ್ಲಿ "ಕಾಪಿ" ಎಂಬ ಪದ ಕೇಳಿ ನಾನು ಏನು ತಿಳಿದಿದ್ದೆ ಅಂತ ಹೇಳಬೇಕಿಲ್ಲ ಬಿಡಿ.

ಇಲ್ಲಿ ನನಗೆ ತಲೆಗೆ ಹತ್ತಿದ ಒಂದು ವಿಷಯ ಇದೆ. ತಪ್ಪು ಸಿಕ್ಕಿತು, ತಿದ್ದಿ ಬರೆದುಬಿಡೋಣ ಅಂತ ಹೊರಟಿದ್ದೆ. "ಕಾರ್ಮಿಕರು ತೂಕದ ಪುಸ್ತಕ ತೋರಿಸಲು ಕೇಳಿದರು. ಸಾಹುಕಾರ್ರು ಸಿಟ್ಟಾಗಿ, ಹೋಗುವುದಾದರೆ ಹೋಗಿ ಎಂದರು." ಹೀಗೆ ಬರೆದರೆ ಏನಾಯಿತು? ಪುಸ್ತಕ ಕೇಳಿದ್ದಕ್ಕೇ ಸಾಹುಕಾರ್ರು ಕೂಗಾಡಿದಂತಾಯಿತು. ಅವರು ಹಾಗೆ ಮಾಡಿರಲಿಲ್ಲ. ಅವರು ಉತ್ತರ ಕೊಟ್ಟದ್ದು ಮೇಸ್ತ್ರಿಯ ಮಾತಿಗೆ, ಹಿರಿಯರ ಮಾತಿಗಲ್ಲ. ಮೂಲ ಮಾತನ್ನು ಮಾತ್ರ ತಿದ್ದಿ ಉತ್ತರವನ್ನು ಹಾಗೇ ಬಿಟ್ಟರೆ ಅನ್ಯಾಯ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ, ಅಷ್ಟೇ. ಅದಕ್ಕೆ ಮೂರನ್ನೂ ಬರೆದೆ: ಇವರು ಹೇಳಿದ್ದು ಇದು, ದುಭಾಷಿಯ ಮೂಲಕ ಅವರಿಗೆ ಕೇಳಿಸಿದ್ದು ಇದು, ಅವರು ಉತ್ತರ ಕೊಟ್ಟದ್ದು ಆ ಕೇಳಿಸಿದ ಮಾತಿಗೆ. ಸಾರಾಂಶ ಉದ್ದವಾಗುತ್ತದೆ. ಆಗಲಿ.

ಎರಡನೇ ಪೆಟ್ಟು ತೂಕದ್ದು. ಹಿರಿಯರು ಹೇಳಿದ್ದು "ಹರ್ ಬೋರೇ ಮೇ ಢಾಯಿ ಕಿಲೋ." ಢಾಯಿ ಅಂದರೆ ಎರಡೂವರೆ. ಹಿಂದಿಯಲ್ಲಿ ಅರೆಗಳಿಗೆ ಬೇರೆಯೇ ಹೆಸರು. ಡೇಢ್ ಒಂದೂವರೆ, ಢಾಯಿ ಎರಡೂವರೆ, ಮೂರರಿಂದ ಮುಂದೆ ಸಾಢೇ. ನಮಗೆ ಗೊತ್ತಿರುವ ಒಂದೇ ಒಂದು ಅಂದರೆ ಶನಿಯದ್ದು, ಸಾಡೇಸಾತಿ. ಏಳೂವರೆ ವರ್ಷ ಕಾಡುತ್ತಾನಲ್ಲ, ಅದೇ ಲೆಕ್ಕ. ಡೇಢ್ ಸೌ ಅಂದರೆ 150, ಢಾಯಿ ಹಜಾರ್ ಅಂದರೆ 2,500. ದುಡ್ಡಿನ ಮಾತಿನಲ್ಲಿ ಇದು ಜಾರಿದರೆ ಸಣ್ಣ ಜಾರುವಿಕೆ ಅಲ್ಲ.

ಮೇಸ್ತ್ರಿ "ಎರಡು ಕೆಜಿ" ಎಂದರು. ಚೀಲದ ಭಾರ, ಎಲೆ, ಕಡ್ಡಿ ಎಲ್ಲ ಸೇರಿ 2 ಕೆಜಿ ಕಳೆಯುವುದು ಮೊದಲೇ ಒಪ್ಪಿದ್ದೇ. ಹಾಗಾಗಿ ಸಾಹುಕಾರ್ರಿಗೆ ಇದರಲ್ಲಿ ದೂರೇ ಕಾಣಲಿಲ್ಲ. ಹಿರಿಯರ ದೂರು ಇದ್ದದ್ದೇ ಆ ಅರ್ಧ ಕೆಜಿಯ ಬಗ್ಗೆ. ತಂಡದಿಂದ ದಿನಕ್ಕೆ ಸುಮಾರು 24 ಚೀಲ. ಅರ್ಧ ಕೆಜಿಯಂತೆ 12 ಕೆಜಿ, 5 ರೂಪಾಯಿಯಂತೆ 60 ರೂಪಾಯಿ. ಅಷ್ಟರವರೆಗೆ 26 ದಿನ ಕೊಯ್ದಿದ್ದರು, 1,560 ರೂಪಾಯಿ. ಆ "ಢಾಯಿ"ಯನ್ನು ಬಿಟ್ಟ ನನ್ನ ಹಾಳೆ, ಇಲ್ಲದ ದೂರಿಗೆ ಉತ್ತರ ಕೊಟ್ಟು ಮುಗಿಸಿತ್ತು.

ನನಗೆ ನಾಚಿಕೆಯಾದದ್ದು ಇಲ್ಲಿ. ಗುರುವಾರದ ನೋಟ್ ಪುಸ್ತಕ ತೆರೆದರೆ ಅಂಚಿನಲ್ಲಿ ನಾನೇ ಬರೆದಿದ್ದೆ, "2 ಬೆರಳು, ಮೂರನೆಯದು ಮಡಚಿ." ಹಿರಿಯರು ಕೈಯಲ್ಲಿ ಎರಡೂವರೆ ತೋರಿಸಿದ್ದರು. ಕಣ್ಣಾರೆ ನೋಡಿ, ಬರೆದೂ ಇಟ್ಟು, ಸಾರಾಂಶಕ್ಕೆ ತರಲಿಲ್ಲ. ರೆಕಾರ್ಡಿಂಗಿನಲ್ಲಿ ಬೆರಳು ಕೇಳಿಸುವುದಿಲ್ಲ. ಯಾರಾದರೂ ಅಂಕಿ ಹೇಳುವಾಗ ಪುಸ್ತಕದಿಂದ ತಲೆ ಎತ್ತಿ ಅವರ ಕೈ ನೋಡಿ. ಅದಕ್ಕಿಂತ ಒಳ್ಳೆಯದು, ಅಲ್ಲೇ ಅಂಕಿಯಲ್ಲಿ ಬರೆದು ತೋರಿಸಿ.

ಮತ್ತೊಂದು ಕಹಿ ವಿಷಯ. ತೂಕ ಹಾಕಿ ಪುಸ್ತಕಕ್ಕೆ ಬರೆಯುವವರು ಮೇಸ್ತ್ರಿಯೇ. ಅಂದರೆ ದೂರು ಯಾರ ಕೈಕೆಲಸದ ಮೇಲೆ ಇತ್ತೋ ಅವರೇ ಆ ದೂರನ್ನು ದಾಟಿಸಬೇಕಿತ್ತು. ಬೇಕೆಂದೇ ಅರ್ಧ ನುಂಗಿದರು ಅಂತ ನಾನು ಹೇಳುವುದಿಲ್ಲ. ಕೇಳಿದಾಗ ಅವರು ಬೇಜಾರಿನಿಂದ, "ಎರಡು ಚಿಲ್ಲರೆ ಅಂತಿದ್ರು, ಎರಡು ಅಂದೆ. ಪುಕ್ಕಟೆ ಮಾತಾಡಿಕೊಟ್ಟಿದ್ದಕ್ಕೆ ಇದಾ ಮೇಡಂ?" ಎಂದರು. ಅವರ ಮನಸ್ಸಿನಲ್ಲಿ ಏನಿತ್ತು ಅಂತ ಬರೆಯುವುದು ನನ್ನ ಕೆಲಸವೂ ಅಲ್ಲ. ನಾನು ಬರೆದದ್ದು ಒಂದೇ ಸಾಲು: "ಮೊದಲ ಮಾತುಕತೆಯನ್ನು ದಾಟಿಸಿದವರು ಮೇಸ್ತ್ರಿ, ತೂಕ ಹಾಕುವವರೂ ಅವರೇ." ಓದುವವರಿಗೆ ಅಷ್ಟು ಸಾಕು. ದುಭಾಷಿ ಯಾರು, ಅವರಿಗೂ ಈ ವ್ಯವಹಾರಕ್ಕೂ ಏನು ಸಂಬಂಧ ಅನ್ನುವುದು ಸಾರಾಂಶದ ಮೊದಲ ಸಾಲಿನಲ್ಲೇ ಇರಬೇಕು. ವಕೀಲರ ಹತ್ತಿರ ಗುಮಾಸ್ತರಾಗಿದ್ದ ನಮ್ಮ ಮಾವ ಇದನ್ನು ಕೇಳಿ ನಕ್ಕರು. ಕೋರ್ಟಿನಲ್ಲಿ ಸಾಕ್ಷಿಯ ಮಾತನ್ನು ದಾಟಿಸುವ ದುಭಾಷಿಗೂ ಪ್ರಮಾಣ ಮಾಡಿಸುತ್ತಾರಂತೆ, 1969ರ ಪ್ರಮಾಣಗಳ ಕಾಯ್ದೆಯಲ್ಲೇ ಅದು ಇದೆಯಂತೆ. ನಾವು ಜಗಲಿಯಲ್ಲಿ ಸುಮ್ನೆ ಯಾರೋ ಸಿಕ್ಕವರನ್ನು ಕೂರಿಸಿದ್ದೆವು.

ಹುಷಾರಿಲ್ಲದವನ ಕಥೆ ಚಿಕ್ಕದು. ಹಿರಿಯರು ಹೇಳಿದ್ದು "ವೋ ತೀನ್ ದಿನ್ ಬೀಮಾರ್ ಥಾ." ಮೇಸ್ತ್ರಿ "ಅವನಿಗೆ ಹುಷಾರಿರಲಿಲ್ಲ" ಎಂದರು. ಹಿಂದಿಯಂತೆ ಅದು ಸರಿಯೇ. "ಅವನನ್ನು ನಾನೇ ಸಂತೆಯಲ್ಲಿ ನೋಡಿದ್ದೇನೆ" ಎಂದು ಸಾಹುಕಾರ್ರು ಮಾತು ಮುಗಿಸಿದ್ದರು. ಆದರೆ ಬಂಗಾಳಿಯಲ್ಲಿ ಅವನು, ಅವಳು ಎರಡಕ್ಕೂ ಒಂದೇ ಪದ, ಕ್ರಿಯಾಪದದಲ್ಲೂ ಗಂಡು ಹೆಣ್ಣು ಇಲ್ಲ. ಹಾಗಾಗಿ ಬಂಗಾಳಿಗಳು ಹಿಂದಿ ಮಾತಾಡುವಾಗ "ಥೀ" ಎನ್ನಬೇಕಾದಲ್ಲಿ "ಥಾ" ಬಂದುಬಿಡುತ್ತದೆ. ಟೈಲರ್ ನಗುತ್ತಾ, "ನನಗೂ ಇವತ್ತಿಗೂ ಬರುತ್ತೆ ಮೇಡಂ" ಎಂದರು. ಕಾಯಿಲೆ ಬಿದ್ದದ್ದು ಹೆಂಡತಿ. ಗಂಡ ಸಂತೆಗೆ ಹೋದದ್ದು ಮಾತ್ರೆ ತರಲು. ಇದನ್ನು ಟೈಲರ್ ಊಹಿಸಿ ಹೇಳಿದ್ದಷ್ಟೇ, ಮರುದಿನ ಆ ದಂಪತಿಯನ್ನೇ ಕೇಳಿದ ಮೇಲೆ ಬರೆದೆ.

ನಾಲ್ಕನೆಯದು ನಮ್ಮದೇ ಮಾತು, "ನೋಡೋಣ". ಕನ್ನಡದವರಿಗೆ ಹೇಳಬೇಕಿಲ್ಲ. ಇಲ್ಲ ಎನ್ನಲು ಮನಸ್ಸಿಲ್ಲದಾಗ ನಾವು ಅನ್ನುವುದೇ ನೋಡೋಣ. ಕೊಡುವ ಮನಸ್ಸಿದ್ದರೂ ಅದೇ ನೋಡೋಣ. ಹೇಳಿದ ಧಾಟಿಯಲ್ಲಿ ನಮಗೆ ತಿಳಿಯುತ್ತದೆ. ಮೇಸ್ತ್ರಿ ಅದನ್ನು "ಹೋ ಜಾಯೇಗಾ" ಎಂದು ದಾಟಿಸಿದ್ದರು. ಅಂದರೆ ಆಗುತ್ತದೆ! ಸಿಟ್ಟು ತಣ್ಣಗಾಗಲಿ ಅಂತ ಹಾಗೆ ಹೇಳಿದೆ ಎಂದರು. ಸಮಾಧಾನ ಮಾಡುವ ಬುದ್ಧಿ ಒಳ್ಳೆಯದೇ, ಆದರೆ ಅವರು ದಾಟಿಸಿದ್ದು ಸಾಹುಕಾರ್ರು ಕೊಡದ ಮಾತನ್ನು. ಹನ್ನೊಂದು ಜನ ಅದನ್ನು ನಂಬಿ ಶನಿವಾರ ಕೈ ಚಾಚಿದರು. ನನ್ನ ಹಾಳೆಯಲ್ಲಿ "ನೋಡೋಣ ಎಂದರು" ಅಂತ ಕನ್ನಡದ ಮಾತು ಸರಿಯಾಗೇ ಇತ್ತು. ಆದರೂ ಸಾರಾಂಶ ತಪ್ಪು, ಯಾಕೆಂದರೆ ಎದುರಿನವರಿಗೆ ಮುಟ್ಟಿದ ಮಾತು ಅದರಲ್ಲಿ ಇರಲಿಲ್ಲ.

ಇನ್ನೆರಡು ಕಡೆ ಟೈಲರ್ ಕೂಡ ತೀರ್ಮಾನಿಸಲು ಆಗದೆ ಕೈ ಬಿಟ್ಟರು. "ಕಲ್" ಎಂಬ ಪದ, ಹಿಂದಿಯಲ್ಲಿ ನಿನ್ನೆಗೂ ಅದೇ, ನಾಳೆಗೂ ಅದೇ. ಪೂರ್ತಿ ವಾಕ್ಯವಿದ್ದರೆ ಕ್ರಿಯಾಪದ ನೋಡಿ ಗೊತ್ತಾಗುತ್ತದೆ. ಹಿರಿಯರು "ಕಲ್ ಕಾ ಪೈಸಾ" ಎಂದು ಹೇಳಿ ನಿಲ್ಲಿಸಿದ್ದರು. ಇನ್ನೊಂದು ಕಡೆ ಸಾಹುಕಾರ್ರು ಮನೆಯವರ ಜೊತೆ ಕೊಡವ ತಕ್ಕ್‌ನಲ್ಲಿ ಅರ್ಧ ನಿಮಿಷ ಮಾತಾಡಿದ್ದು. ಅದನ್ನು ಯಾರೂ ದಾಟಿಸಲಿಲ್ಲ, ಲೈನ್ ಮನೆಯವರು ತಮ್ಮನ್ನು ಬೈದರು ಅಂತ ತಿಳಿದಿದ್ದರು. ನನಗೆ ಅರ್ಥವಾಗಿತ್ತು, ಮಾತಾಡಿದ್ದು ರಾತ್ರಿ ಊಟಕ್ಕೆ ಯಾರೋ ಬರುವ ವಿಷಯ. ಮೊದಲನೆಯದನ್ನು "ನಿನ್ನೆಯ ಅಥವಾ ನಾಳೆಯ, ಸ್ಪಷ್ಟವಿಲ್ಲ" ಎಂದೇ ಬರೆದೆ. ಎರಡನೆಯದಕ್ಕೆ "ಮನೆಯವರೊಳಗೆ ಮಾತು, ದಾಟಿಸಿಲ್ಲ, ಈ ವ್ಯವಹಾರದ್ದಲ್ಲ" ಎಂದು ಬರೆದೆ. ಗೊತ್ತಿಲ್ಲದ ಕಡೆ ಒಂದು ಅರ್ಥ ಆರಿಸಿ ಬರೆಯುವ ಆಸೆ ತುಂಬಾ ಬರುತ್ತದೆ, ಹಾಳೆ ಚೆನ್ನಾಗಿ ಕಾಣುತ್ತದಲ್ಲ.

ಗುರುವಾರ ಮತ್ತೆ ಅದೇ ಜಗಲಿ. ಈ ಸಲ ಟೈಲರ್ ಮಧ್ಯೆ ಕೂತರು, ಹಿರಿಯರು ಬಂಗಾಳಿಯಲ್ಲೇ ಮಾತಾಡಿದರು. ಒಂದೋ ಎರಡೋ ವಾಕ್ಯಕ್ಕೆ ನಿಲ್ಲಿಸಬೇಕು ಅಂತ ಮೊದಲೇ ಹೇಳಿದ್ದೆ. "ಅವರು ಹೀಗಂತಾರೆ" ಬೇಡ, ಅವರು "ನಾನು" ಎಂದರೆ ನೀವೂ "ನಾನು" ಎನ್ನಿ ಅಂತಲೂ ಹೇಳಿದ್ದೆ. ಮೊದಮೊದಲು ಟೈಲರ್ "ನನ್ನ ಹೆಂಡತಿಗೆ ಜ್ವರ" ಎಂದಾಗ ಎಲ್ಲರೂ ಅವರ ಮುಖ ನೋಡಿ ನಕ್ಕರು. ಹತ್ತು ನಿಮಿಷಕ್ಕೆ ರೂಢಿಯಾಯಿತು. ತೂಕದ ಶೆಡ್ಡಿನ ಸ್ಲೇಟು ತಂದು ಅಂಕಿ ಬಂದಾಗೆಲ್ಲ ಬರೆದೆ. 2.5 ಎಂದು ಬರೆದಾಗ ಹಿರಿಯರು ಆ ಚುಕ್ಕಿಯ ಮೇಲೆ ಬೆರಳಿಟ್ಟು ಸಾಹುಕಾರ್ರ ಕಡೆ ನೋಡಿದರು. ಸಾಹುಕಾರ್ರು ಮೇಸ್ತ್ರಿಯ ಕಡೆ ನೋಡಿದರು. ಪುಸ್ತಕ ತರಿಸಿದರು. ಪುಸ್ತಕದಲ್ಲಿ 2.5 ಇತ್ತು. 1,560 ರೂಪಾಯಿ ಅಲ್ಲೇ ಎಣಿಸಿ ಕೊಟ್ಟರು. ಕಾಯಿಲೆಯ ಮೂರು ದಿನಕ್ಕೂ ತಕರಾರು ಉಳಿಯಲಿಲ್ಲ.

ಉಳಿದದ್ದು ದರ. 6 ರೂಪಾಯಿ ಕೊಡುತ್ತೀರಾ ಎಂದು ಹಿರಿಯರು ಕೇಳಿದರು. ಸಾಹುಕಾರ್ರು ಕೆನ್ನೆ ಕೆರೆದುಕೊಂಡು, "ನೋಡೋಣ" ಎಂದರು.

ಟೈಲರ್ ಬಾಯಿ ತೆರೆದವರು ಮುಚ್ಚಿದರು. ನನ್ನ ಕಡೆ ತಿರುಗಿ ಮೆಲ್ಲಗೆ, "ಯಾವ ನೋಡೋಣ ಮೇಡಂ?" ಎಂದರು.

ಸಾಹುಕಾರ್ರಿಗೂ ಕೇಳಿಸಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕುಬಿಟ್ಟರು. "ಶನಿವಾರ ಸಂಜೆ ಹೇಳ್ತೀನಿ ಅಂತ ಹೇಳಪ್ಪಾ. ಆರು ಆಗಲ್ಲ. ಐದಕ್ಕಿಂತ ಜಾಸ್ತಿ ಕೊಡ್ತೀನಿ." ಹಾಗೇ ಬರೆದೆ, ನೋಡೋಣ ಎಂಬ ಪದ ಬರೆಯಲಿಲ್ಲ.

ಹಾಳೆ ಎರಡು ಪ್ರತಿ, ಒಂದು ತೋಟಕ್ಕೆ, ಒಂದು ಲೈನ್ ಮನೆಗೆ. ನಾನು ಕನ್ನಡದಲ್ಲಿ ಓದಿದೆ, ಟೈಲರ್ ಸಾಲು ಸಾಲಾಗಿ ಬಂಗಾಳಿಯಲ್ಲಿ ಹೇಳಿದರು. ಪ್ರತಿ ಸಾಲಿನ ಮೇಲೆ "ಸರಿ ಇದೆಯಾ?" ಎಂದು ಕೇಳಿಸಲಿಲ್ಲ, ಅದಕ್ಕೆ ಎಲ್ಲರೂ ಹೂಂ ಅಂತಾರೆ. ಅದರ ಬದಲು ಹಿರಿಯರಿಗೆ, ಈಗ ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ ಎಂದೆವು. ಒಂದು ಕಡೆ ಶನಿವಾರದ ಬದಲು ಭಾನುವಾರ ಎಂದರು, ಅಲ್ಲೇ ಸರಿಮಾಡಿದೆವು. ಕೆಳಗೆ ಸಹಿ, ಹೆಬ್ಬೆಟ್ಟು. ಅದರ ಕೆಳಗೆ ಟೈಲರ್ ಸಹಿ, "ಮೇಲಿನದನ್ನು ಬಂಗಾಳಿಯಲ್ಲಿ ಓದಿ ಹೇಳಿದ್ದೇನೆ" ಎಂಬ ಸಾಲಿನ ಜೊತೆ. ನನ್ನ ಹಳೆಯ ಹಾಳೆಯನ್ನು ಹರಿಯಲಿಲ್ಲ. "ರದ್ದು" ಎಂದು ಬರೆದು ಇದರ ಹಿಂದೆಯೇ ಪಿನ್ ಹೊಡೆದಿಟ್ಟೆ.

ಶನಿವಾರ ಟೈಲರ್ ಇರಲಿಲ್ಲ. ತೂಕ ಮುಗಿದ ಮೇಲೆ ಸಾಹುಕಾರ್ರು ಶೆಡ್ಡಿಗೆ ಬಂದು, ಏನೂ ಮಾತಾಡದೆ, ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ 5.50 ಎಂದು ಬರೆದರು. ಹಿರಿಯರು ಹತ್ತಿರ ಬಗ್ಗಿ ನೋಡಿದರು.

"ಸಾಢೇ ಪಾಂಚ್" ಎಂದರು.

ನಾನು ತಲೆ ಎತ್ತಿ ಅವರ ಕೈ ನೋಡಿದೆ. ಐದು ಬೆರಳು ಬಿಡಿಸಿದ್ದರು, ಇನ್ನೊಂದು ಕೈಯದ್ದು ಒಂದು ಮಡಚಿತ್ತು.